ದ್ವಿಗುಣಗೊಳ್ಳುವ ಡೈನಾಮಿಕ್ ಅರೇ ಮತ್ತು ಮೂರು ನಾಣ್ಯಗಳ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಡೈನಾಮಿಕ್ ಅರೇ ತುಂಬಿದಾಗ ಒಳಗೆ ನಿಜವಾಗಿ ನಡೆಯುವುದೇನು?

ಅರೇ ಎಂದರೆ ಮೆಮೊರಿಯಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ಮನೆಗಳ ಸಾಲು. ಆ ಸಾಲಿನ ಆಚೆಗಿನ ಜಾಗ ಬೇರೆ ಯಾವುದಕ್ಕೋ ಸೇರಿರಬಹುದಾದ್ದರಿಂದ, ಮನೆಗಳೆಲ್ಲ ತುಂಬಿದ ಮೇಲೆ ಸಾಲನ್ನು ಇದ್ದಲ್ಲಿಯೇ ಉದ್ದ ಮಾಡುವ ಭರವಸೆ ಇರುವುದಿಲ್ಲ. ಆದ್ದರಿಂದ ಡೈನಾಮಿಕ್ ಅರೇ ಬೇರೆ ಕಡೆ ಇನ್ನೂ ದೊಡ್ಡ ಸಾಲೊಂದನ್ನು ಕೇಳಿ ಪಡೆದು, ಹಳೆಯ ಮೌಲ್ಯಗಳನ್ನೆಲ್ಲ ಅಲ್ಲಿಗೆ ನಕಲು ಮಾಡಿ, ಹಳೆಯ ಸಾಲನ್ನು ಬಿಟ್ಟುಕೊಟ್ಟು, ಅನಂತರ ಹೊಸ ಮೌಲ್ಯವನ್ನು ಬರೆಯುತ್ತದೆ. ಈ ಪುಟದಲ್ಲಿ `n` ಎಂದರೆ ತುಂಬಿರುವ ಮನೆಗಳ ಸಂಖ್ಯೆ, `c` ಎಂದರೆ ಒಟ್ಟು ಮನೆಗಳ ಸಂಖ್ಯೆ, ಅಂದರೆ ಸಾಮರ್ಥ್ಯ. ಆರಂಭದಲ್ಲಿ `n` ಸೊನ್ನೆ, `c` ಒಂದು ಎಂದಿಟ್ಟುಕೊಳ್ಳೋಣ.

```
append(x):
    if n == c:
        B = allocate(2*c)
        for k = 0 to n-1: B[k] = A[k]
        free(A)
        A = B
        c = 2*c
    A[n] = x
    n = n + 1
```

ಒಂದು ಸೇರ್ಪಡೆಗೆ ಸಾವಿರ ನಕಲು ಬೇಕಾಗಬಹುದಾದರೆ, ಸೇರಿಸುವುದು ಅಗ್ಗ ಎಂದು ಹೇಳುವುದು ಹೇಗೆ?

ಸಂದೇಹ ನ್ಯಾಯವಾದುದೇ. ಸಾಮರ್ಥ್ಯ 1024 ಇದ್ದು ಅಷ್ಟೂ ಮನೆಗಳು ತುಂಬಿದ್ದರೆ, ಮುಂದಿನ ಒಂದು ಸೇರ್ಪಡೆಗೆ 1024 ನಕಲುಗಳೂ ಒಂದು ಬರಹವೂ ಬೇಕು. ಪ್ರತಿ ಸೇರ್ಪಡೆಯನ್ನೂ ಪ್ರತ್ಯೇಕವಾಗಿ ತೆಗೆದುಕೊಂಡು, ಅದರ ಅತಿ ಕೆಟ್ಟ ಖರ್ಚನ್ನು ಸೇರ್ಪಡೆಗಳ ಸಂಖ್ಯೆಯಿಂದ ಗುಣಿಸಿದರೆ `n` ಸೇರ್ಪಡೆಗಳಿಗೆ `n²` ಪ್ರಮಾಣದ ಮೇಲ್ಮಿತಿ ಸಿಗುತ್ತದೆ. ಆ ಮಿತಿ ತಪ್ಪಲ್ಲ, ಆದರೆ ಸಡಿಲವಾದದ್ದು. 1025ನೆಯ ಸೇರ್ಪಡೆ ದುಬಾರಿಯಾಗಬೇಕಾದರೆ ಅದಕ್ಕಿಂತ ಹಿಂದಿನ 511 ಸೇರ್ಪಡೆಗಳು ಒಂದೂ ನಕಲಿಲ್ಲದೆ ಅಗ್ಗವಾಗಿ ನಡೆದಿರಲೇಬೇಕು ಎಂಬ ಸಂಗತಿಯನ್ನು ಅದು ಗಮನಿಸುವುದೇ ಇಲ್ಲ. ದುಬಾರಿ ಕ್ರಿಯೆ ತನ್ನಷ್ಟಕ್ಕೆ ಬರುವುದಿಲ್ಲ. ಅಗ್ಗದ ಕ್ರಿಯೆಗಳು ಕೂಡಿಬಂದಾಗಲಷ್ಟೇ ಬರುತ್ತದೆ. ಈ ಅವಲಂಬನೆಯನ್ನು ಲೆಕ್ಕಕ್ಕೆ ತರುವುದೇ ಅಮಾರ್ಟೈಸ್ಡ್ ವಿಶ್ಲೇಷಣೆ. ಅದನ್ನು ಮಾಡುವ ಹಲವು ದಾರಿಗಳಲ್ಲಿ ಲೆಕ್ಕಪತ್ರದ ವಿಧಾನ ಒಂದು.

ಖರ್ಚು ಎಂದು ಯಾವುದನ್ನು ಎಣಿಸಲಾಗುತ್ತದೆ?

ಒಂದು ಮನೆಯಲ್ಲಿ ಒಂದು ಮೌಲ್ಯವನ್ನು ಬರೆಯುವುದಕ್ಕೆ ಒಂದು ಏಕಮಾನ, ಅದನ್ನೇ ಒಂದು ನಾಣ್ಯ ಎನ್ನೋಣ. ಹೊಸ ಮೌಲ್ಯವನ್ನು ಬರೆದರೂ ಒಂದು, ಹಳೆಯ ಮೌಲ್ಯವನ್ನು ಹೊಸ ಸಾಲಿಗೆ ನಕಲು ಮಾಡಿದರೂ ಒಂದು. ಮೆಮೊರಿ ಕೇಳುವುದು, ಬಿಟ್ಟುಕೊಡುವುದು, `n` ಮತ್ತು `c` ಹೋಲಿಸುವುದು ಇವನ್ನು ಸದ್ಯಕ್ಕೆ ಎಣಿಸುವುದಿಲ್ಲ. ಮೆಮೊರಿ ಕೇಳುವ ಖರ್ಚಿನ ಮಾತು ಮುಂದೆ ಪ್ರತ್ಯೇಕವಾಗಿ ಬರುತ್ತದೆ.

ಲೆಕ್ಕಪತ್ರದ ವಿಧಾನ ಎಂದರೇನು?

ಪ್ರತಿ ಸೇರ್ಪಡೆಗೂ ನಾವು ಒಂದು ನಿಗದಿತ ಶುಲ್ಕವನ್ನು ವಿಧಿಸುತ್ತೇವೆ. ಆ ಸೇರ್ಪಡೆಯ ನಿಜವಾದ ಖರ್ಚು ಶುಲ್ಕಕ್ಕಿಂತ ಕಡಿಮೆಯಾದರೆ ಉಳಿದದ್ದನ್ನು ಜಮೆ ಮಾಡುತ್ತೇವೆ. ಹೆಚ್ಚಾದರೆ ಕೊರತೆಯನ್ನು ಹಿಂದಿನ ಜಮೆಯಿಂದ ತುಂಬುತ್ತೇವೆ. ಕೈಯಲ್ಲಿ ಉಳಿದ ಮೊತ್ತಕ್ಕೆ ಶಿಲ್ಕು ಎನ್ನೋಣ. ಈ ವಿಧಾನಕ್ಕೆ ಇರುವ ಷರತ್ತು ಒಂದೇ: ಕ್ರಿಯೆಗಳು ಯಾವ ಕ್ರಮದಲ್ಲಿ ಬಂದರೂ, ಎಷ್ಟು ಬಂದರೂ, ಶಿಲ್ಕು ಯಾವ ಘಟ್ಟದಲ್ಲಿಯೂ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಷರತ್ತು ನಿಂತಿತೆಂದರೆ, ಅಲ್ಲಿಯವರೆಗೆ ವಸೂಲಾದ ಒಟ್ಟು ಶುಲ್ಕವು ಅಲ್ಲಿಯವರೆಗಿನ ನಿಜವಾದ ಒಟ್ಟು ಖರ್ಚಿಗಿಂತ ಕಡಿಮೆಯಲ್ಲ ಎಂದಾಯಿತು. ಆಗ ಶುಲ್ಕವನ್ನೇ ಆ ಕ್ರಿಯೆಯ ಅಮಾರ್ಟೈಸ್ಡ್ ವೆಚ್ಚ ಎಂದು ಕರೆಯಬಹುದು.

ಶುಲ್ಕ ಎಷ್ಟಿರಬೇಕೆಂಬುದನ್ನು ವಿಧಾನವು ತಾನಾಗಿ ಹೇಳುವುದಿಲ್ಲ. ಅದನ್ನು ನಾವು ಊಹಿಸಿ, ಶಿಲ್ಕು ಎಂದೂ ಸಾಲಕ್ಕೆ ಇಳಿಯುವುದಿಲ್ಲವೆಂದು ಸಾಧಿಸಬೇಕು. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ: ದ್ವಿಗುಣಗೊಳ್ಳುವ ಅರೇಗೆ ಶುಲ್ಕ ಮೂರು ಎಂಬುದನ್ನು ಬಾಯಿಪಾಠ ಮಾಡಿರುತ್ತಾರೆ, ಆ ಮೂರು ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಇರುವುದಿಲ್ಲ.

ಹಾಗಾದರೆ ಮೂರೇ ಏಕೆ? ಮೂರು ನಾಣ್ಯಗಳು ಯಾವುದಕ್ಕೆ ಖರ್ಚಾಗುತ್ತವೆ?

ಸಾಮರ್ಥ್ಯ ಈಗಷ್ಟೇ 8ರಿಂದ 16ಕ್ಕೆ ಏರಿದೆ, ಹಳೆಯ 8 ಮೌಲ್ಯಗಳು ಮೊದಲ ಅರ್ಧದಲ್ಲಿ ಬಂದು ಕುಳಿತಿವೆ, ಶಿಲ್ಕು ಪೂರ್ತಿ ಬರಿದಾಗಿದೆ ಎಂದು ಭಾವಿಸಿ. ಈಗ ಎರಡನೆಯ ಅರ್ಧದ 8 ಮನೆಗಳು ಒಂದೊಂದಾಗಿ ತುಂಬಬೇಕು. ಅವು ತುಂಬಿದ ಮರುಗಳಿಗೆಯಲ್ಲಿ 16 ಮೌಲ್ಯಗಳನ್ನೂ 32 ಮನೆಗಳ ಸಾಲಿಗೆ ನಕಲು ಮಾಡಬೇಕಾಗುತ್ತದೆ. ಆ 16 ಏಕಮಾನಗಳನ್ನು ಯಾರು ಕೊಡಬೇಕು? ಮೊದಲ ಅರ್ಧದ ಮೌಲ್ಯಗಳು ಈಗಾಗಲೇ ತಮ್ಮ ಜಮೆಯನ್ನು ಹಿಂದಿನ ನಕಲಿಗೆ ಕೊಟ್ಟು ಬರಿಗೈಯಲ್ಲಿವೆ, ಅವು ಇನ್ನು ಮುಂದೆ ಏನನ್ನೂ ಕೊಡುವಂತಿಲ್ಲ. ಕೊಡಬಲ್ಲವು ಹೊಸದಾಗಿ ಬರುವ 8 ಮೌಲ್ಯಗಳು ಮಾತ್ರ. 16 ಏಕಮಾನಗಳನ್ನು 8 ಮಂದಿಗೆ ಹಂಚಿದರೆ ತಲೆಗೆ ಎರಡು.

ಆದ್ದರಿಂದ ಹೊಸ ಮೌಲ್ಯವೊಂದು ಬಂದಾಗ ಅದು ಮೂರು ನಾಣ್ಯಗಳನ್ನು ತರಬೇಕು. ಒಂದು ನಾಣ್ಯ ಅದನ್ನು ಮನೆಯಲ್ಲಿ ಬರೆಯುವುದಕ್ಕೆ ಅಲ್ಲಿಯೇ ಖರ್ಚಾಗುತ್ತದೆ. ಎರಡನೆಯದು ಅದರ ತಲೆಯ ಮೇಲೆಯೇ ಕೂರುತ್ತದೆ. ಮುಂದಿನ ದ್ವಿಗುಣದಲ್ಲಿ ಅದರ ಸ್ವಂತ ನಕಲಿಗೆ ಅದು ಮೀಸಲು. ಮೂರನೆಯದನ್ನು ಮೊದಲ ಅರ್ಧದಲ್ಲಿರುವ ಅದರ ಜೋಡಿಯ ತಲೆಯ ಮೇಲೆ ಇಡುತ್ತೇವೆ: ಸೊನ್ನೆಯಿಂದ ಎಣಿಸಿದರೆ 8ನೆಯ ಮನೆಗೆ ಬಂದದ್ದು 0ನೆಯ ಮನೆಯದಕ್ಕೆ, 9ನೆಯ ಮನೆಗೆ ಬಂದದ್ದು 1ನೆಯ ಮನೆಯದಕ್ಕೆ, ಹೀಗೆ 15ನೆಯ ಮನೆಗೆ ಬಂದದ್ದು 7ನೆಯ ಮನೆಯದಕ್ಕೆ ಒಂದೊಂದು ನಾಣ್ಯ ಕೊಡುತ್ತದೆ. ಸಾಲು ತುಂಬುವ ಹೊತ್ತಿಗೆ ಹದಿನಾರು ತಲೆಗಳ ಮೇಲೂ ಒಂದೊಂದು ನಾಣ್ಯ ಇರುತ್ತದೆ, ನಕಲಿನ ಖರ್ಚು ಸರಿಯಾಗಿ ತೀರುತ್ತದೆ, ಎಲ್ಲರೂ ಮತ್ತೆ ಬರಿಗೈಯಾಗಿ ಹೊಸ ಸಾಲಿನ ಮೊದಲ ಅರ್ಧದಲ್ಲಿ ಕೂರುತ್ತಾರೆ. ನಾವು ಹೊರಟ ಸ್ಥಿತಿಯೇ ಇಮ್ಮಡಿ ಅಳತೆಯಲ್ಲಿ ಮರಳಿ ಬಂದಿದೆ, ಆದ್ದರಿಂದ ಇದೇ ಮಾತು 16ಕ್ಕೂ 32ಕ್ಕೂ ಅದರಾಚೆಗೂ ಸಲ್ಲುತ್ತದೆ.

ಇಡೀ ವಾದದ ಜೀವ ಈ ಮೂರನೆಯ ನಾಣ್ಯದಲ್ಲಿದೆ. ಹಳೆಯ ಮೌಲ್ಯವೊಂದು ತನ್ನ ಜೀವಿತದಲ್ಲಿ ಎಷ್ಟು ಬಾರಿ ನಕಲಾಗುತ್ತದೆ ಎಂಬುದಕ್ಕೆ ಮಿತಿಯಿಲ್ಲ. ಮೊದಲನೆಯ ಮೌಲ್ಯ ಪ್ರತಿ ದ್ವಿಗುಣದಲ್ಲಿಯೂ ಮತ್ತೆ ಮತ್ತೆ ಸಾಗುತ್ತಲೇ ಇರುತ್ತದೆ. ಅದರ ಸಾಗಣೆಯ ಖರ್ಚನ್ನು ಅದರಿಂದಲೇ ವಸೂಲು ಮಾಡಲು ಹೊರಟರೆ ಯಾವ ಸ್ಥಿರ ಶುಲ್ಕವೂ ಸಾಲುವುದಿಲ್ಲ. ಪ್ರತಿ ಸುತ್ತಿನಲ್ಲಿಯೂ ಒಬ್ಬ ಹೊಸಬ ಒಬ್ಬ ಹಳಬನ ಪ್ರಯಾಣವನ್ನು ವಹಿಸಿಕೊಳ್ಳುವುದರಿಂದಲೇ ಲೆಕ್ಕ ಕೂಡುತ್ತದೆ, ಮತ್ತು ಪ್ರತಿ ಸುತ್ತಿನಲ್ಲಿ ಹೊಸಬರ ಸಂಖ್ಯೆ ಹಳಬರಷ್ಟೇ ಇರುತ್ತದೆ ಎಂಬುದನ್ನು ಖಾತರಿಪಡಿಸುವುದು ದ್ವಿಗುಣದ ನಿಯಮವೇ.

ಒಂದು ಉದಾಹರಣೆಯನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಬಹುದೇ?

ಬರಿದಾದ ಅರೇಗೆ ಒಂಬತ್ತು ಮೌಲ್ಯಗಳನ್ನು ಸೇರಿಸೋಣ. ಪ್ರತಿ ಬಾರಿಯೂ ಶುಲ್ಕ 3.

| ಸೇರ್ಪಡೆ | ಸಾಮರ್ಥ್ಯ | ನಕಲು | ನಿಜವಾದ ಖರ್ಚು | ಶಿಲ್ಕು |
|---|---|---|---|---|
| 1 | 1 | 0 | 1 | 2 |
| 2 | 2 | 1 | 2 | 3 |
| 3 | 4 | 2 | 3 | 3 |
| 4 | 4 | 0 | 1 | 5 |
| 5 | 8 | 4 | 5 | 3 |
| 6 | 8 | 0 | 1 | 5 |
| 7 | 8 | 0 | 1 | 7 |
| 8 | 8 | 0 | 1 | 9 |
| 9 | 16 | 8 | 9 | 3 |

ಐದನೆಯ ಸಾಲನ್ನು ನೋಡಿ. ನಾಲ್ಕನೆಯ ಸೇರ್ಪಡೆಯ ನಂತರ ಶಿಲ್ಕು 5 ಇತ್ತು. ಐದನೆಯದಕ್ಕೆ ಬಂದ ಶುಲ್ಕ 3 ಸೇರಿ 8 ಆಯಿತು. ನಾಲ್ಕು ನಕಲು ಮತ್ತು ಒಂದು ಬರಹಕ್ಕೆ 5 ಹೋಗಿ 3 ಉಳಿಯಿತು. ಅಲ್ಲಿಂದ ಮೂರು ಅಗ್ಗದ ಸೇರ್ಪಡೆಗಳು ಎರಡೆರಡರಂತೆ ಕೂಡಿಸಿ 9ಕ್ಕೆ ತಂದವು, ಒಂಬತ್ತನೆಯದು ಮತ್ತೆ 3ಕ್ಕೆ ಇಳಿಸಿತು. ಒಂಬತ್ತು ಸೇರ್ಪಡೆಗಳ ನಿಜವಾದ ಒಟ್ಟು ಖರ್ಚು 24, ವಸೂಲಾದದ್ದು 27.

ಹಿಂದಿನ ಉತ್ತರದಲ್ಲಿ ದ್ವಿಗುಣದ ಹೊತ್ತಿಗೆ ಶಿಲ್ಕು ಬರಿದಾಗುತ್ತದೆ ಎಂದೆವು. ಕೋಷ್ಟಕದಲ್ಲಿ ಪ್ರತಿ ದ್ವಿಗುಣದ ನಂತರವೂ 3 ಉಳಿದಿದೆ. ಇದರಲ್ಲಿ ಎರಡು, ಈಗ ತಾನೇ ಬಂದ ಮೌಲ್ಯ ಜಮೆ ಮಾಡಿದವು. ಉಳಿದ ಒಂದು, ಮೊಟ್ಟಮೊದಲ ಮೌಲ್ಯದ್ದು: ಅದು ಬಂದಾಗ ಸಾಲಿನಲ್ಲಿ ಅದಕ್ಕೆ ಹಳಬ ಜೋಡಿಯೇ ಇರಲಿಲ್ಲವಾದ್ದರಿಂದ ಅದರ ಮೂರನೆಯ ನಾಣ್ಯಕ್ಕೆ ಕೆಲಸವಿಲ್ಲದೆ ಕೊನೆಯವರೆಗೂ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ.

ಶುಲ್ಕವನ್ನು ಎರಡಕ್ಕೆ ಇಳಿಸಿದರೆ ಏನು ತೊಂದರೆ?

ಲೆಕ್ಕ ಐದನೆಯ ಸೇರ್ಪಡೆಯಲ್ಲಿ ಮುರಿಯುತ್ತದೆ. ಶುಲ್ಕ 2 ಇದ್ದರೆ ಮೊದಲ ನಾಲ್ಕು ಸೇರ್ಪಡೆಗಳ ನಂತರದ ಶಿಲ್ಕು ಕ್ರಮವಾಗಿ 1, 1, 0, 1. ಐದನೆಯದಕ್ಕೆ 2 ಬಂದು 3 ಆಗುತ್ತದೆ, ಖರ್ಚು 5, ಎರಡು ನಾಣ್ಯಗಳ ಸಾಲ. ಮೊದಲ ನಾಲ್ಕರಲ್ಲಿ ಸರಿಹೊಂದಿದಂತೆ ಕಂಡದ್ದು ಬರಿಯ ಭ್ರಮೆ. ಸಣ್ಣ ಸಂಖ್ಯೆಗಳಲ್ಲಿ ಪರೀಕ್ಷಿಸಿ ಶುಲ್ಕವನ್ನು ನಿಶ್ಚಯಿಸಬಾರದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಎರಡೂವರೆ ಇಟ್ಟರೆ? ಅದೂ ಸಾಲದು, ಮುರಿಯುವುದು ಸ್ವಲ್ಪ ತಡವಾಗುತ್ತದೆ ಅಷ್ಟೇ. ಎರಡರ ಯಾವುದಾದರೂ ಘಾತಕ್ಕೆ ಒಂದು ಕೂಡಿಸಿದ ಸಂಖ್ಯೆಯಷ್ಟು ಸೇರ್ಪಡೆಗಳಾದಾಗ ಒಟ್ಟು ಖರ್ಚು ಸರಿಯಾಗಿ `3(n − 1)` ಆಗುತ್ತದೆ. 9 ಸೇರ್ಪಡೆಗಳಿಗೆ 24, 1025 ಸೇರ್ಪಡೆಗಳಿಗೆ 3072. ತಲಾ ಖರ್ಚು ಮೂರಕ್ಕೆ ಎಷ್ಟು ಬೇಕಾದರೂ ಹತ್ತಿರ ಹೋಗುವುದರಿಂದ ಮೂರಕ್ಕಿಂತ ಕಡಿಮೆಯಾದ ಯಾವ ಸ್ಥಿರ ಶುಲ್ಕವೂ ಎಲ್ಲ ಉದ್ದಗಳಿಗೆ ನಿಲ್ಲುವುದಿಲ್ಲ.

ಶಿಲ್ಕು ಎಂದೂ ಸೊನ್ನೆಗಿಂತ ಕೆಳಗಿಳಿಯದು ಎಂಬುದನ್ನು ಸಾಧಿಸುವುದು ಹೇಗೆ?

ಕೋಷ್ಟಕದ ಪ್ರತಿ ಸಾಲಿನಲ್ಲಿಯೂ ಶಿಲ್ಕು `2n − c + 1` ಆಗಿರುವುದನ್ನು ಗಮನಿಸಿ. ಇದು ಪ್ರತಿ ಸೇರ್ಪಡೆಯ ನಂತರವೂ ನಿಲ್ಲುವ ನಿಯಮವೆಂದು ಗಣಿತೀಯ ಅನುಗಮನದಿಂದ ತೋರಿಸಬಹುದು. ಮೊದಲ ಸೇರ್ಪಡೆಯ ನಂತರ `n` ಮತ್ತು `c` ಎರಡೂ ಒಂದು, ಶಿಲ್ಕು 2, ನಿಯಮ ನಿಂತಿದೆ. ಮುಂದೆ ಸಾಲಿನಲ್ಲಿ ಜಾಗವಿದ್ದಾಗ ಸೇರಿಸಿದರೆ ಶಿಲ್ಕು ಎರಡು ಹೆಚ್ಚುತ್ತದೆ, `n` ಒಂದು ಹೆಚ್ಚುತ್ತದೆ, `c` ಬದಲಾಗುವುದಿಲ್ಲ. ಎರಡು ಬದಿಗಳೂ ಒಂದೇ ಪ್ರಮಾಣದಲ್ಲಿ ಏರಿದವು. ಜಾಗವಿಲ್ಲದಾಗ, ಅಂದರೆ `n` ಮತ್ತು `c` ಸಮವಾಗಿದ್ದಾಗ, ಸೇರ್ಪಡೆಗೆ ಮೊದಲು ಶಿಲ್ಕು `c + 1`. ಅದಕ್ಕೆ 3 ಸೇರಿ, ಖರ್ಚು `c + 1` ಹೋಗಿ, 3 ಉಳಿಯುತ್ತದೆ. ಹೊಸ ಬೆಲೆಗಳನ್ನು ಸೂತ್ರದಲ್ಲಿಟ್ಟರೆ `2(c + 1) − 2c + 1`, ಅದೂ ಮೂರೇ. ಸೇರ್ಪಡೆಗಳಷ್ಟೇ ನಡೆಯುವಾಗ ಸಾಲು ಎಂದೂ ಅರ್ಧಕ್ಕಿಂತ ಕಡಿಮೆ ತುಂಬಿರುವುದಿಲ್ಲವಾದ್ದರಿಂದ `2n` ಎಂದೂ `c`ಗಿಂತ ಕಡಿಮೆಯಾಗದು, ಶಿಲ್ಕು ಧನವಾಗಿಯೇ ಉಳಿಯುತ್ತದೆ.

ರಾಬರ್ಟ್ ಟಾರ್ಜನ್ 1985ರಲ್ಲಿ ಅಮಾರ್ಟೈಸ್ಡ್ ವಿಶ್ಲೇಷಣೆಯನ್ನು ನಿರೂಪಿಸುವಾಗ ಅದನ್ನು ಬ್ಯಾಂಕಿನವನ ನೋಟ, ಭೌತವಿಜ್ಞಾನಿಯ ನೋಟ ಎಂದು ಎರಡು ಬಗೆಯಾಗಿ ವಿವರಿಸಿದರು. ನಾಣ್ಯಗಳನ್ನು ಮನೆಮನೆಯ ಮೇಲೆ ಇಟ್ಟು ಎಣಿಸುವುದು ಮೊದಲನೆಯದು. `2n − c` ಎಂಬ ಒಂದೇ ಸಂಖ್ಯೆಯನ್ನು ಇಡೀ ಅರೇಯಲ್ಲಿ ಕೂಡಿಟ್ಟ ಶಕ್ತಿಯೆಂದು ಭಾವಿಸಿ ಅದರ ಏರಿಳಿತವನ್ನು ನೋಡುವುದು ಎರಡನೆಯದು. ಈ ಸಮಸ್ಯೆಯಲ್ಲಿ ಎರಡೂ ಒಂದೇ ಉತ್ತರ ಕೊಡುತ್ತವೆ. ಆದರೂ ಮೊದಲ ಬಾರಿ ಕಲಿಯುವವರಿಗೆ ನಾಣ್ಯಗಳ ದಾರಿಯೇ ಮೇಲೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಯಾರು ಯಾರಿಗೆ ಕೊಟ್ಟರು ಎಂಬುದು ಕಣ್ಣಿಗೆ ಕಾಣುತ್ತದೆ. ಸೂತ್ರವನ್ನು ಮೊದಲೇ ಮುಂದಿಟ್ಟರೆ ಅದು ಆಕಾಶದಿಂದ ಇಳಿದಂತೆ ತೋರುತ್ತದೆ.

ಈ ನಾಣ್ಯಗಳನ್ನು ಪ್ರೋಗ್ರಾಮಿನಲ್ಲಿ ಎಲ್ಲಿಯಾದರೂ ಇಡಬೇಕೇ?

ಬೇಡ. ಅವು ವಿಶ್ಲೇಷಣೆಯ ಕಾಗದದ ಮೇಲೆ ಮಾತ್ರ ಇರುತ್ತವೆ. ಮೇಲಿನ ಕೋಡಿನಲ್ಲಿ ಅವಕ್ಕಾಗಿ ಒಂದು ಸಾಲೂ ಇಲ್ಲ.

ಅಮಾರ್ಟೈಸ್ಡ್ ವೆಚ್ಚ ಎಂದರೆ ಸರಾಸರಿ ವೆಚ್ಚವೇ ಅಲ್ಲವೇ?

ಒಂದು ಅರ್ಥದಲ್ಲಿ ಸರಾಸರಿಯೇ, ಆದರೆ ಸಂಭವನೀಯತೆಯ ಸರಾಸರಿಯಲ್ಲ. ಸರಾಸರಿ ಸಂದರ್ಭದ ವಿಶ್ಲೇಷಣೆಯಲ್ಲಿ ಇನ್‌ಪುಟ್ ಹೇಗೆ ಹಂಚಿಕೆಯಾಗಿದೆ ಎಂಬ ಊಹೆ ಇರುತ್ತದೆ, ಆ ಊಹೆ ತಪ್ಪಿದರೆ ಫಲಿತಾಂಶವೂ ತಪ್ಪುತ್ತದೆ. ಇಲ್ಲಿ ಅಂತಹ ಊಹೆ ಯಾವುದೂ ಇಲ್ಲ. ಬರಿದಾದ ಅರೇಯಿಂದ ಹೊರಟು ಯಾರು ಏನನ್ನು ಸೇರಿಸಿದರೂ `n` ಸೇರ್ಪಡೆಗಳ ಒಟ್ಟು ಖರ್ಚು `3n` ದಾಟುವುದಿಲ್ಲ. ದುರುದ್ದೇಶದಿಂದ ಸೇರಿಸುವವನೂ ಇದನ್ನು ಕೆಡಿಸಲಾರ.

ಬರಿದಾದ ಅರೇಯಿಂದ ಹೊರಟು ಎಂಬ ಮಾತನ್ನು ಮಾತ್ರ ಮರೆಯಬಾರದು. 1024 ಮನೆಗಳೂ ತುಂಬಿರುವ ಅರೇ ಕೈಗೆ ಬಂದು, ಲೆಕ್ಕವನ್ನು ಅಲ್ಲಿಂದಲೇ ಸೊನ್ನೆ ಶಿಲ್ಕಿನಿಂದ ಆರಂಭಿಸಿದರೆ, ಮೊದಲ ಸೇರ್ಪಡೆಯಲ್ಲಿಯೇ 1025 ಖರ್ಚಾಗಿ ಸಾಲ ಬೀಳುತ್ತದೆ. ನಡುವಿನಿಂದ ಹೊರಟು `m` ಸೇರ್ಪಡೆಗಳನ್ನು ಮಾಡುವವರು ಒಟ್ಟು ಖರ್ಚು `3m + c` ಮೀರದು ಎಂದು ಹೇಳಬಹುದು. ಇಲ್ಲಿ `c` ಎಂಬುದು ಹೊರಟಾಗ ಇದ್ದ ಸಾಮರ್ಥ್ಯ.

ದ್ವಿಗುಣವೇ ಆಗಬೇಕೇ? ಒಂದೂವರೆ ಪಟ್ಟು ಸಾಲದೇ?

ಒಂದಕ್ಕಿಂತ ದೊಡ್ಡದಾದ ಯಾವ ಸ್ಥಿರ ಪಟ್ಟು ಆದರೂ ನಡೆಯುತ್ತದೆ, ಶುಲ್ಕ ಮಾತ್ರ ಬದಲಾಗುತ್ತದೆ. ಪಟ್ಟು `a` ಎಂದಿರಲಿ. ಸಾಮರ್ಥ್ಯ `c` ತುಂಬುವಾಗ, ಹಿಂದಿನ ವಿಸ್ತರಣೆಯ ನಂತರ ಬಂದ ಹೊಸಬರು `c − c/a` ಮಂದಿ. ಅವರು `c` ನಕಲುಗಳ ಭಾರ ಹೊರಬೇಕು, ಆದ್ದರಿಂದ ತಲೆಗೆ `a/(a − 1)`, ಬರಹಕ್ಕೆ ಇನ್ನೊಂದು. ಪಟ್ಟು ಎರಡಾದರೆ 3 ಬರುತ್ತದೆ, ಒಂದೂವರೆಯಾದರೆ 4. ಎಂಟರ ಒಂದು ಭಾಗ ಮಾತ್ರ ಬೆಳೆಸುತ್ತ ಹೋದರೆ 10: ಅಲ್ಲಿ ಒಬ್ಬ ಹೊಸಬ ತನ್ನ ಜತೆಗೆ ಎಂಟು ಹಳಬರನ್ನು ಹೊರಬೇಕು. ಪ್ರತಿಯಾಗಿ ಸಿಗುವುದು ಮೆಮೊರಿಯ ಉಳಿತಾಯ. ವಿಸ್ತರಣೆಯಾದ ಕೂಡಲೇ ದ್ವಿಗುಣದಲ್ಲಿ ಅರ್ಧದಷ್ಟು ಮನೆಗಳು ಖಾಲಿ ಬಿದ್ದಿರುತ್ತವೆ, ಒಂದೂವರೆ ಪಟ್ಟಿನಲ್ಲಿ ಮೂರರಲ್ಲಿ ಒಂದು ಭಾಗ, ಎಂಟರ ಒಂದರ ಬೆಳವಣಿಗೆಯಲ್ಲಿ ಒಂಬತ್ತರಲ್ಲಿ ಒಂದು ಭಾಗ.

ಬಳಕೆಯಲ್ಲಿರುವ ಭಾಷೆಗಳು ಈ ವ್ಯಾಪಾರವನ್ನು ಬೇರೆ ಬೇರೆ ಬಗೆಯಲ್ಲಿ ಕುದುರಿಸಿಕೊಂಡಿವೆ. ಜಿಸಿಸಿಯ ಸಿ++ ಲೈಬ್ರರಿಯಲ್ಲಿ `std::vector` ದ್ವಿಗುಣವಾಗುತ್ತದೆ, ಜಾವಾದ `ArrayList` ಇರುವುದರ ಅರ್ಧದಷ್ಟನ್ನು ಕೂಡಿಸಿಕೊಳ್ಳುತ್ತದೆ, ಸಿಪೈಥಾನಿನ `list` ಸುಮಾರು ಎಂಟರ ಒಂದು ಭಾಗ ಹೆಚ್ಚು ಇಟ್ಟುಕೊಳ್ಳುತ್ತದೆ. ಒಂದೂವರೆ ಪಟ್ಟನ್ನು ಸ್ವತಃ ಬರೆಯುವವರು ಒಂದು ಸಣ್ಣ ಬಲೆಯ ಬಗ್ಗೆ ಎಚ್ಚರವಿರಬೇಕು: ಸಾಮರ್ಥ್ಯ ಒಂದಾಗಿದ್ದಾಗ ಅದರ ಅರ್ಧ ಪೂರ್ಣಾಂಕದ ಭಾಗಾಕಾರದಲ್ಲಿ ಸೊನ್ನೆ, ಆದ್ದರಿಂದ ಹೊಸ ಸಾಮರ್ಥ್ಯವೂ ಒಂದೇ ಆಗಿ ಅರೇ ಬೆಳೆಯುವುದೇ ಇಲ್ಲ.

ಪ್ರತಿ ಬಾರಿ ಸಾವಿರ ಮನೆಗಳನ್ನು ಕೂಡಿಸಿದರೆ ಸಾಲದೇ? ಸಾವಿರವೂ ದೊಡ್ಡ ಸಂಖ್ಯೆಯೇ ಅಲ್ಲವೇ?

ಸಾಲದು, ಮತ್ತು ಏಕೆ ಸಾಲದೆಂಬುದನ್ನು ನಾಣ್ಯಗಳ ಲೆಕ್ಕ ಚೆನ್ನಾಗಿ ತೋರಿಸುತ್ತದೆ. ಪ್ರತಿ ಸುತ್ತಿನಲ್ಲಿಯೂ ಹೊಸಬರು ಸಾವಿರ ಮಂದಿಯೇ. ಹಳಬರು ಮಾತ್ರ ಸುತ್ತಿನಿಂದ ಸುತ್ತಿಗೆ ಹೆಚ್ಚುತ್ತಲೇ ಹೋಗುತ್ತಾರೆ. ಹತ್ತನೆಯ ವಿಸ್ತರಣೆಯಲ್ಲಿ ಸಾವಿರ ಹೊಸಬರು ಹತ್ತು ಸಾವಿರ ಮೌಲ್ಯಗಳ ನಕಲಿಗೆ ತಲಾ ಹತ್ತು ನಾಣ್ಯ ಕೊಡಬೇಕು, ನೂರನೆಯದರಲ್ಲಿ ತಲಾ ನೂರು. ಯಾವ ಸ್ಥಿರ ಶುಲ್ಕವನ್ನು ಇಟ್ಟರೂ ಒಂದು ಸುತ್ತಿನಲ್ಲಿ ಅದು ಸೋಲುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, ಸಾವಿರ ಮನೆಗಳಿಂದ ಆರಂಭಿಸಿ ಸಾವಿರ ಸಾವಿರವಾಗಿ ಬೆಳೆಸುತ್ತ ಹತ್ತು ಲಕ್ಷ ಮೌಲ್ಯಗಳನ್ನು ಸೇರಿಸಿದರೆ 999 ವಿಸ್ತರಣೆಗಳಲ್ಲಿ ಒಟ್ಟು 49,95,00,000 ನಕಲುಗಳಾಗುತ್ತವೆ. ಒಂದು ಮನೆಯಿಂದ ಆರಂಭಿಸಿ ದ್ವಿಗುಣ ಮಾಡುತ್ತ ಹೋದರೆ ಅದೇ ಹತ್ತು ಲಕ್ಷಕ್ಕೆ 20 ವಿಸ್ತರಣೆಗಳು, 10,48,575 ನಕಲುಗಳು.

ನನ್ನ ಪ್ರೋಗ್ರಾಮಿನಲ್ಲಿ ಈ ತಪ್ಪು ನುಸುಳಿದೆಯೇ ಎಂದು ತಿಳಿಯುವುದು ಹೇಗೆ?

ಸೇರ್ಪಡೆಗಳ ಸಂಖ್ಯೆಯನ್ನು ಇಮ್ಮಡಿ ಮಾಡಿ ಸಮಯ ಅಳೆಯಿರಿ. ಒಟ್ಟು ಸಮಯ ಹೆಚ್ಚುಕಡಿಮೆ ಇಮ್ಮಡಿಯಾದರೆ ಸರಿ ಇದೆ. ಪ್ರತಿ ಬಾರಿಯೂ ನಾಲ್ಮಡಿಯತ್ತ ಹೋಗುತ್ತಿದ್ದರೆ ಎಲ್ಲೋ ವಿಸ್ತರಣೆ ಪಟ್ಟಿನಲ್ಲಿ ಆಗುತ್ತಿಲ್ಲ. ಇನ್ನೂ ನೇರವಾದ ಪರೀಕ್ಷೆಯೆಂದರೆ, ಸಾಮರ್ಥ್ಯ ಬದಲಾದಾಗಲೆಲ್ಲ ಎಣಿಸುತ್ತ ಹೋಗುವುದು. ಹತ್ತು ಲಕ್ಷ ಸೇರ್ಪಡೆಗಳಿಗೆ ಇಪ್ಪತ್ತರ ಆಸುಪಾಸಿನಲ್ಲಿ ಬರಬೇಕಾದ ಎಣಿಕೆ ಸಾವಿರಗಳಲ್ಲಿ ಬಂದರೆ ಮತ್ತೇನೂ ನೋಡಬೇಕಾಗಿಲ್ಲ.

ದ್ವಿಗುಣವಾಗುವ ಲೈಬ್ರರಿಯನ್ನೇ ಬಳಸುತ್ತಿದ್ದರೂ ಈ ತಪ್ಪು ಬರಬಹುದು. ಜಾಗವನ್ನು ಮುಂಚಿತವಾಗಿ ಕಾದಿರಿಸಿದರೆ ವೇಗ ಹೆಚ್ಚುತ್ತದೆ ಎಂದು ಕೇಳಿದವರು ಕೆಲವೊಮ್ಮೆ ಹೀಗೆ ಬರೆಯುತ್ತಾರೆ:

```cpp
for (int x : input) {
    v.reserve(v.size() + 1);
    v.push_back(x);
}
```

ಜಿಸಿಸಿಯ ಲೈಬ್ರರಿಯಲ್ಲಿ `reserve` ಕೇಳಿದಷ್ಟೇ ಮನೆಗಳನ್ನು ಕೊಡುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲಿಯೂ ಸಾಮರ್ಥ್ಯ ಒಂದೊಂದೇ ಏರುತ್ತದೆ, ಪ್ರತಿ ಸೇರ್ಪಡೆಯೂ ಇಡೀ ಸಾಲನ್ನು ನಕಲು ಮಾಡಿಸುತ್ತದೆ. ನಾಣ್ಯ ಕೂಡಿಡಲು ಅರೇಗೆ ಅವಕಾಶವೇ ಸಿಗುವುದಿಲ್ಲ. ಕಾದಿರಿಸುವುದಿದ್ದರೆ ಸುತ್ತಿಗೆ ಮೊದಲು, ಒಮ್ಮೆ, ಪೂರ್ತಿ ಸಂಖ್ಯೆಗೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಆ ಕೆಲಸವನ್ನು ಅರೇಗೇ ಬಿಡುವುದು ಲೇಸು.

ಮೌಲ್ಯಗಳನ್ನು ತೆಗೆಯುವುದೂ ಇದ್ದರೆ? ಅರ್ಧಕ್ಕೆ ಇಳಿದಾಗ ಸಾಮರ್ಥ್ಯವನ್ನೂ ಅರ್ಧ ಮಾಡಬಹುದಲ್ಲವೇ?

ಸಹಜವಾಗಿ ತೋರುವ ಈ ನಿಯಮ ಅಪಾಯಕಾರಿ. ಸಾಮರ್ಥ್ಯ 8, ಎಂಟೂ ತುಂಬಿವೆ. ಒಂದನ್ನು ಸೇರಿಸಿ: ಸಾಮರ್ಥ್ಯ 16, ಖರ್ಚು 9. ಒಂದನ್ನು ತೆಗೆಯಿರಿ: ಎಂಟು ಉಳಿದವು, ಅದು ಹದಿನಾರರ ಅರ್ಧ, ಆದ್ದರಿಂದ ಎಂಟನ್ನೂ ನಕಲು ಮಾಡಿ ಸಾಮರ್ಥ್ಯವನ್ನು ಮತ್ತೆ 8ಕ್ಕೆ ಇಳಿಸಬೇಕು. ಮತ್ತೆ ಒಂದನ್ನು ಸೇರಿಸಿ, ಮತ್ತೆ ತೆಗೆಯಿರಿ. ಪ್ರತಿ ಕ್ರಿಯೆಯೂ ಇಡೀ ಸಾಲನ್ನು ಹೊತ್ತು ಸಾಗುತ್ತದೆ. ಹತ್ತು ಲಕ್ಷ ಮೌಲ್ಯಗಳ ಅರೇ ಇಂತಹ ಗಡಿಯಲ್ಲಿ ಸಿಕ್ಕಿಬಿದ್ದರೆ ಒಂದೊಂದು ಕ್ರಿಯೆಗೂ ಹತ್ತು ಲಕ್ಷ ನಕಲು. ಲೆಕ್ಕಪತ್ರದ ಭಾಷೆಯಲ್ಲಿ ರೋಗದ ಮೂಲ ಸ್ಪಷ್ಟ: ಒಂದು ವಿಸ್ತರಣೆ ಶಿಲ್ಕನ್ನು ಬರಿದು ಮಾಡಿದ ಕೂಡಲೇ, ಹೊಸ ಜಮೆ ಸೇರುವ ಮೊದಲೇ, ನಿಯಮವು ಮತ್ತೊಂದು ನಕಲನ್ನು ಬೇಡುತ್ತಿದೆ.

ಇದಕ್ಕೆ ಪರಿಹಾರವೆಂದರೆ, ಕಾಲು ಭಾಗಕ್ಕೆ ಇಳಿಯುವವರೆಗೆ ಕಾದು ಆಗ ಸಾಮರ್ಥ್ಯವನ್ನು ಅರ್ಧ ಮಾಡುವುದು. ಹಿಗ್ಗಿದ ನಂತರವೂ ಕುಗ್ಗಿದ ನಂತರವೂ ಸಾಲು ಸುಮಾರು ಅರ್ಧ ತುಂಬಿರುತ್ತದೆ, ಎರಡೂ ಗಡಿಗಳಿಂದ ಸಾಕಷ್ಟು ದೂರದಲ್ಲಿ. ತೆಗೆಯುವ ಪ್ರತಿ ಕ್ರಿಯೆಗೆ 2 ಶುಲ್ಕ ವಿಧಿಸೋಣ: ಒಂದು ತೆಗೆಯುವ ಕೆಲಸಕ್ಕೆ, ಒಂದು ಜಮೆಗೆ. ಅರ್ಧ ತುಂಬಿದ ಸಾಲು ಕಾಲಿಗೆ ಇಳಿಯಬೇಕಾದರೆ ಕಡಿಮೆಯೆಂದರೂ `c/4` ಬಾರಿ ತೆಗೆದಿರಬೇಕು, ಅಷ್ಟು ನಾಣ್ಯಗಳು ಸೇರಿರುತ್ತವೆ. ಕುಗ್ಗುವಾಗ ನಕಲಾಗಬೇಕಾದ ಮೌಲ್ಯಗಳೂ `c/4`. ಅದೇ ಸಾಲು ಪೂರ್ತಿ ತುಂಬಬೇಕಾದರೆ ಕಡಿಮೆಯೆಂದರೂ ಸುಮಾರು `c/2` ಸೇರ್ಪಡೆಗಳು ಎರಡೆರಡು ನಾಣ್ಯ ಇಟ್ಟಿರುತ್ತವೆ. ನಡುವೆ ಸೇರಿಸುವುದೂ ತೆಗೆಯುವುದೂ ಹೇಗೆ ಬೆರೆತು ಬಂದರೂ ಚಿಂತೆಯಿಲ್ಲ, ಏಕೆಂದರೆ ಸಾಮರ್ಥ್ಯ ಬದಲಾಗದ ಪ್ರತಿ ಕ್ರಿಯೆಯೂ ಶಿಲ್ಕನ್ನು ಹೆಚ್ಚಿಸುತ್ತದೆಯೇ ಹೊರತು ಇಳಿಸುವುದಿಲ್ಲ.

ನಡುವಿನ ಮನೆಯೊಂದರಲ್ಲಿ ಸೇರಿಸಿದರೂ ಮೂರು ನಾಣ್ಯ ಸಾಕೇ?

ಸಾಲದು. ನಡುವೆ ಸೇರಿಸುವಾಗ ಮುಂದಿನ ಮೌಲ್ಯಗಳನ್ನೆಲ್ಲ ಒಂದೊಂದು ಮನೆ ಸರಿಸಬೇಕು. ಅದು ಪ್ರತಿ ಬಾರಿಯೂ ಬರುವ ಖರ್ಚು, ಅದಕ್ಕೂ ದ್ವಿಗುಣಕ್ಕೂ ಸಂಬಂಧವಿಲ್ಲ. ಇಲ್ಲಿಯ ವಾದ ಕೊನೆಗೆ ಸೇರಿಸುವುದಕ್ಕೆ ಮಾತ್ರ.

ಹೊಸ ಮೆಮೊರಿಯನ್ನು ಪಡೆಯುವುದಕ್ಕೂ ಖರ್ಚಿಲ್ಲವೇ?

ಇರಬಹುದು. ಉದಾಹರಣೆಗೆ, ಹೊಸ ಸಾಲಿನ ಎಲ್ಲ `2c` ಮನೆಗಳಲ್ಲಿಯೂ ಮೊದಲು ಸೊನ್ನೆ ಬರೆಯುವ ವ್ಯವಸ್ಥೆಯಲ್ಲಿ ವಿಸ್ತರಣೆಯ ಖರ್ಚು `c` ಅಲ್ಲ, `3c`. ಅದನ್ನು `c/2` ಹೊಸಬರಿಗೆ ಹಂಚಿದರೆ ತಲೆಗೆ ಆರು, ಬರಹಕ್ಕೆ ಒಂದು, ಒಟ್ಟು ಶುಲ್ಕ 7. ಮೂರರ ಜಾಗದಲ್ಲಿ ಏಳು ಬಂತು, ಆದರೆ ಅದೂ `n`ನ ಮೇಲೆ ಅವಲಂಬಿಸದ ಸ್ಥಿರ ಸಂಖ್ಯೆಯೇ. ಮೆಮೊರಿ ಪಡೆಯುವ ಖರ್ಚು ಕೇಳಿದ ಮನೆಗಳ ಸಂಖ್ಯೆಗೆ ಅನುಪಾತದಲ್ಲಿ ಇರುವವರೆಗೂ ವಾದ ಹೀಗೆಯೇ ನಡೆಯುತ್ತದೆ.

ಒಂದೇ ಒಂದು ಸೇರ್ಪಡೆಯೂ ತಡವಾಗಬಾರದು ಎಂಬ ಕಡೆ ಈ ಅರೇಯನ್ನು ಬಳಸಬಹುದೇ?

ಇರುವಂತೆಯೇ ಬಳಸಬಾರದು. ಅಮಾರ್ಟೈಸ್ಡ್ ವೆಚ್ಚ ಒಟ್ಟು ಮೊತ್ತದ ಬಗ್ಗೆ ಭರವಸೆ ಕೊಡುತ್ತದೆ, ಬಿಡಿ ಕ್ರಿಯೆಯ ಬಗ್ಗೆ ಅಲ್ಲ. ಧ್ವನಿಯ ಮಾದರಿಗಳನ್ನು ನಿಗದಿತ ಗಡುವಿನೊಳಗೆ ಒದಗಿಸಬೇಕಾದ ಪ್ರೋಗ್ರಾಮಿನಲ್ಲಿ ಹತ್ತು ಲಕ್ಷ ಸೇರ್ಪಡೆಗಳು ಚುರುಕಾಗಿ ನಡೆದವೆಂಬುದು, ಗಡುವು ತಪ್ಪಿಸಿದ ಆ ಒಂದಕ್ಕೆ ಸಮಾಧಾನವಾಗುವುದಿಲ್ಲ.

ಎಷ್ಟು ಮೌಲ್ಯಗಳು ಬರುತ್ತವೆಂದು ಮೊದಲೇ ಗೊತ್ತಿದ್ದರೆ ಅಷ್ಟು ಜಾಗವನ್ನು ಆರಂಭದಲ್ಲಿಯೇ ಪಡೆಯುವುದು ಸುಲಭದ ದಾರಿ. ಗೊತ್ತಿಲ್ಲದಿದ್ದರೆ ನಕಲನ್ನು ಕಂತುಗಳಲ್ಲಿ ಮಾಡಬಹುದು. ಸಾಮರ್ಥ್ಯ `c` ತುಂಬಿದಾಗ `2c` ಮನೆಗಳ ಹೊಸ ಸಾಲನ್ನು ಪಡೆದು, ಹಳೆಯದನ್ನು ಕೂಡಲೇ ಬಿಟ್ಟುಕೊಡದೆ ಇಟ್ಟುಕೊಳ್ಳುತ್ತೇವೆ. ಹೊಸ ಮೌಲ್ಯ ನೇರವಾಗಿ ಹೊಸ ಸಾಲಿನ ಎರಡನೆಯ ಅರ್ಧಕ್ಕೆ ಹೋಗುತ್ತದೆ, ಮತ್ತು ಪ್ರತಿ ಸೇರ್ಪಡೆಯೊಡನೆ ಹಳೆಯ ಸಾಲಿನಿಂದ ಒಂದು ಮೌಲ್ಯವನ್ನು ಮಾತ್ರ ಮುಂದಕ್ಕೆ ಸಾಗಿಸುತ್ತೇವೆ. ಹೊಸ ಸಾಲು ತುಂಬಲು `c` ಸೇರ್ಪಡೆಗಳು ಬೇಕು, ಸಾಗಬೇಕಾದ ಹಳಬರೂ `c`. ಎರಡೂ ಒಟ್ಟಿಗೆ ಮುಗಿಯುತ್ತವೆ. ಮೌಲ್ಯವೊಂದನ್ನು ಓದುವಾಗ ಅದು ಈಗಾಗಲೇ ಸಾಗಿದೆಯೇ ಇಲ್ಲವೇ ಎಂದು ನೋಡಿ ಸರಿಯಾದ ಸಾಲಿಗೆ ಹೋಗಬೇಕು.

ಇಲ್ಲಿ ಪ್ರತಿ ಸೇರ್ಪಡೆಯ ನಿಜವಾದ ಖರ್ಚು, ಅತಿ ಕೆಟ್ಟ ಸಂದರ್ಭದಲ್ಲಿಯೂ, ಎರಡೇ ಏಕಮಾನ. ಮೂರು ನಾಣ್ಯ ಬೇಕಿದ್ದ ಕಡೆ ಎರಡು ಹೇಗೆ ಸಾಕಾಯಿತೆಂದು ಕೇಳಬಹುದು. ಮೊದಲಿನ ವ್ಯವಸ್ಥೆಯಲ್ಲಿ ಸಾಲು ತುಂಬಿದ ಗಳಿಗೆಯಲ್ಲಿಯೇ ನಕಲೆಲ್ಲ ಮುಗಿಯಬೇಕಾದ್ದರಿಂದ ಹಣವನ್ನು ಮೊದಲೇ ಕೂಡಿಡಬೇಕಿತ್ತು, ಕೂಡಿಡಲು ಇದ್ದವರು `c/2` ಹೊಸಬರು ಮಾತ್ರ. ಕಂತಿನ ವ್ಯವಸ್ಥೆಯಲ್ಲಿ ನಕಲು ಸಾಲವಾಗಿ ನಿಂತು, ಅನಂತರ ಬರುವ `c` ಮಂದಿ ಅದನ್ನು ತಲಾ ಒಂದರಂತೆ ತೀರಿಸುತ್ತಾರೆ. ಇದಕ್ಕೆ ತೆರಬೇಕಾದ ಬೆಲೆ ಬೇರೆ ಕಡೆ ಇದೆ: ಸಾಗಣೆ ಮುಗಿಯುವವರೆಗೆ ಎರಡು ಸಾಲುಗಳೂ ಸೇರಿ `3c` ಮನೆಗಳು ಹಿಡಿದಿರುತ್ತವೆ, ಪ್ರತಿ ಓದಿಗೂ ಒಂದು ಹೋಲಿಕೆ ಹೆಚ್ಚಾಗುತ್ತದೆ, ಮತ್ತು ಮೌಲ್ಯಗಳೆಲ್ಲ ಒಂದೇ ಸಾಲಿನಲ್ಲಿ ತಾಗಿಕೊಂಡಿರುತ್ತವೆ ಎಂದು ನಂಬಿ ಬರೆದ ಕೋಡು ಇದರ ಮೇಲೆ ನಡೆಯುವುದಿಲ್ಲ. ಹೊಸ ಸಾಲನ್ನು ಕೊಡುವ ವ್ಯವಸ್ಥೆ ಅದರಲ್ಲಿ ಸೊನ್ನೆ ತುಂಬಿ ಕೊಡುವಂತಿದ್ದರೆ ಆ ಒಂದು ಗಳಿಗೆಯ ತಡ ಮತ್ತೆ ಹಿಂದಿನಂತೆಯೇ ಉಳಿಯುತ್ತದೆ.